ಪಾಠದ ವಿಡಿಯೋ: ಮೊದಲ ಹತ್ತು ಸೆಕೆಂಡ್‌ನಲ್ಲಿ ಏನಿರಬೇಕು?

ಪ್ರಶ್ನೆ: ಗಣಿತದ ವಿಡಿಯೋ ಮಾಡ್ತೀನಿ. ಶುರುವಿನಲ್ಲೇ ಜನ ಬಿಟ್ಟು ಹೋಗ್ತಾರೆ. ಮೊದಲ ಹತ್ತು ಸೆಕೆಂಡ್ ಹೇಗೆ ಬದಲಿಸಲಿ?

ಉತ್ತರ: ಲೋಗೋ, ನಮಸ್ಕಾರ, ‘ಇವತ್ತು ನಾವು ಕಲಿಯೋದು…’ ಮೂರನ್ನೂ ತೆಗೆದುಬಿಡಿ. ನೋಡುವವರು ಶೀರ್ಷಿಕೆ ಓದಿಯೇ ಬಂದಿರುತ್ತಾರೆ, ಅಲ್ವಾ? ತಮಗೆ ಬೇಕಾದದ್ದು ಇಲ್ಲಿ ಸಿಗುತ್ತಾ ಅಂತಷ್ಟೇ ನೋಡುತ್ತಾರೆ.

ಭಿನ್ನರಾಶಿಯ ಭಾಗಾಕಾರದ ಪಾಠ ಅಂದುಕೊಳ್ಳಿ. ಮೊದಲ ಸೆಕೆಂಡಿಗೇ ಪರದೆ ಮೇಲೆ ½ ÷ ¼ = 2 ಬರಲಿ. ‘ಅರ್ಧವನ್ನು ಭಾಗಿಸಿದರೆ ಉತ್ತರ ಎರಡು ಹೇಗೆ ಬಂತು?’ ಅಂತ ಕೇಳಿ. ಐದನೇ ಸೆಕೆಂಡಿಗೆ ಅರ್ಧ ವೃತ್ತ ತೋರಿಸಿ, ಅದರೊಳಗೆ ಕಾಲು ವೃತ್ತವನ್ನು ಎರಡು ಸಲ ಕೂರಿಸಿ. ಹತ್ತನೇ ಸೆಕೆಂಡಿಗೆ ‘ತಿರುಗಿಸಿ ಗುಣಿಸೋದು ಯಾಕೆ ಅಂತ ಈಗ ನೋಡೋಣ’ ಎಂದು ಪಾಠಕ್ಕೆ ಇಳಿಯಿರಿ. ಉತ್ತರ ಮೊದಲೇ ಹೇಳಿದರೆ ನಷ್ಟವಿಲ್ಲ, ಕಾರಣ ಇನ್ನೂ ಬಾಕಿ ಇದೆ. ಸುಮ್ನೆ ‘ಕೊನೆಯವರೆಗೂ ನೋಡಿ’ ಅನ್ನೋದು ಬೇಡ.

ಹಳೆಯ ವಿಡಿಯೋ ಆಗಿದ್ದರೆ ಯೂಟ್ಯೂಬ್ ಸ್ಟುಡಿಯೋದ ಎಡಿಟರ್‌ನಲ್ಲಿ ಶುರುವಿನ ಭಾಗ ಕತ್ತರಿಸಬಹುದು. ಲಿಂಕ್ ಬದಲಾಗಲ್ಲ, ಆದರೆ ಹೊಸ ದೃಶ್ಯ ಸೇರಿಸಲು ಆಗಲ್ಲ. ಆಮೇಲೆ ಯಾವ ಕ್ಷಣದವರೆಗೆ ಎಷ್ಟು ಜನ ನೋಡಿದರು ಅಂತ ತೋರಿಸುವ ರಿಟೆನ್ಷನ್ ಗ್ರಾಫ್ ನೋಡಿ. ಆರಂಭದಲ್ಲಿ ಸ್ವಲ್ಪ ಇಳಿಯೋದು ಮಾಮೂಲು. ಈಗಲೂ ಕಡಿದಾಗಿ ಬಿದ್ದರೆ ಶೀರ್ಷಿಕೆ ಹೇಳುವುದೇ ಒಂದು, ನೀವು ತೋರಿಸುವುದೇ ಇನ್ನೊಂದು ಆಗಿರುವ ಸಾಧ್ಯತೆ ಜಾಸ್ತಿ.