ಐದಕ್ಕೆ ಹತ್ತು ಕೂಡಿಸಿದರೆ ಕ್ಯಾರಿ ಎಲ್ಲಿ ಹುಟ್ಟುತ್ತದೆ?

“ಸಂಪಾದಕರೇ, ಸಂಖ್ಯೆ ಕೂಡಿಸುವ ಸರ್ಕ್ಯೂಟುಗಳಲ್ಲಿ, ಕ್ಯಾರಿಯನ್ನು ಬಿಟ್‌ನಿಂದ ಬಿಟ್‌ಗೆ ದಾಟಿಸುವ ರಿಪಲ್ ಕ್ಯಾರಿ ಆಡರ್ ಯಾಕೆ ನಿಧಾನ, ಕ್ಯಾರಿಗಳನ್ನು ಮೊದಲೇ ಕಂಡುಕೊಳ್ಳುವ ಕ್ಯಾರಿ ಲುಕ್‌ಅಹೆಡ್ ಆಡರ್ ಯಾಕೆ ಬೇಗ ಎಂದು ಸರಳವಾಗಿ ಬರೆದು ಕಳಿಸಿದ್ದೇನೆ. ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ.”

ಬರವಣಿಗೆ ಹಗುರವಾಗಿದೆ. ಒಂದು ಬಿಟ್ ಕೂಡಿಸುವ ಫುಲ್ ಆಡರ್ ವಿವರಿಸಿದ ಪ್ಯಾರಾವನ್ನು ನಾನು ಮುಟ್ಟುವುದಿಲ್ಲ. ಆದರೆ ಎರಡನೇ ಪುಟದ ಉದಾಹರಣೆ ಓದುತ್ತಾ ನನ್ನ ಕಾಫಿ ಆರಿಹೋಯಿತು.

ರಿಪಲ್ ಆಡರ್ ತಡ ಮಾಡುವುದನ್ನು ತೋರಿಸಲು ನೀವು 0101ಕ್ಕೆ 1010 ಕೂಡಿಸಿದ್ದೀರಿ, ಒಳಬರುವ ಕ್ಯಾರಿ 0. ಒಮ್ಮೆ ಕಾಗದದ ಮೇಲೆ ಕೂಡಿಸಿ ನೋಡಿ. ಉತ್ತರ 1111. ಯಾವ ಬಿಟ್‌ನಲ್ಲೂ ಕ್ಯಾರಿ ಹುಟ್ಟಲೇ ಇಲ್ಲ! ಹುಟ್ಟದ ಕ್ಯಾರಿ ಯಾರನ್ನು ಕಾಯಿಸುತ್ತದೆ? ಅದೇ ಸಂಖ್ಯೆಗಳನ್ನು ಇಟ್ಟುಕೊಂಡು ಒಳಬರುವ ಕ್ಯಾರಿಯನ್ನು 1 ಮಾಡಿ. ಈಗ ಉತ್ತರ 10000. ಆ ಒಂದು ಕ್ಯಾರಿ ನಾಲ್ಕೂ ಬಿಟ್ ದಾಟಿ ಆಚೆ ಹೋಗಬೇಕು. ತಡ ಇರುವುದು ಇಲ್ಲಿ.

ಈ ತಪ್ಪು ನನಗೆ ಚುಚ್ಚುವುದಕ್ಕೆ ಕಾರಣ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಇದನ್ನೇ ಮಾಡಿದ್ದೆ. AND, OR, XOR ಗೇಟುಗಳಿರುವ 7408, 7432, 7486 ಚಿಪ್‌ಗಳನ್ನು ಬ್ರೆಡ್‌ಬೋರ್ಡ್‌ಗೆ ಚುಚ್ಚಿ ನಾಲ್ಕು ಬಿಟ್ ಆಡರ್ ಕಟ್ಟಿದೆ. ಸ್ವಿಚ್ ಒತ್ತಿದರೆ ಎಲ್ಲ ಎಲ್‌ಇಡಿಗಳೂ ಒಟ್ಟಿಗೇ ಹತ್ತಿದವು. “ತಡವೇನೂ ಇಲ್ಲ ಸಾರ್” ಎಂದು ವರದಿ ಬರೆದುಕೊಟ್ಟೆ. ನಮ್ಮ ಹಿರಿಯರು ಬೈಯಲಿಲ್ಲ. ಒಂದು ಸಾಲಿಗೆ 1111, ಇನ್ನೊಂದಕ್ಕೆ 0000 ಇಟ್ಟು, ಒಳಬರುವ ಕ್ಯಾರಿಗೆ ಚೌಕ ಅಲೆಯ ಸಿಗ್ನಲ್ ಕೊಟ್ಟರು. ಆಸಿಲೋಸ್ಕೋಪಿನಲ್ಲಿ ಹೊರಬರುವ ಕ್ಯಾರಿ ಸುಮಾರು 100 ನ್ಯಾನೊಸೆಕೆಂಡ್ ಹಿಂದೆ ಬಿದ್ದಿತ್ತು. ಎಂಟು ಗೇಟು, ಒಂದೊಂದಕ್ಕೆ ಹತ್ತು-ಹದಿನೈದು ನ್ಯಾನೊಸೆಕೆಂಡ್. ಕಣ್ಣಿಗೆ ಅದು ಕಾಣುವುದು ಹೇಗೆ ಹೇಳಿ?

ನಿಮ್ಮ ಲೆಕ್ಕವೂ ಹೀಗೇ ಬರಬೇಕಿತ್ತು. ಒಂದು ಗೇಟಿಗೆ 1 ಮಾತ್ರೆ ಕಾಲ ಅನ್ನೋಣ, XOR ಗೇಟಿಗೂ ಅಷ್ಟೇ. ಪ್ರತಿ ಬಿಟ್‌ನಲ್ಲಿ ಕ್ಯಾರಿ ಹುಟ್ಟುತ್ತದೆಯೇ (G), ಬಂದ ಕ್ಯಾರಿ ದಾಟುತ್ತದೆಯೇ (P) ಎನ್ನುವುದು 1ನೇ ಮಾತ್ರೆಗೇ ಗೊತ್ತಾಗುತ್ತದೆ. ಆಮೇಲೆ ಪ್ರತಿ ಹಂತಕ್ಕೂ ಒಂದು AND, ಒಂದು OR. ಹಾಗಾಗಿ ಕ್ಯಾರಿಗಳು 3, 5, 7, 9ಕ್ಕೆ ಬರುತ್ತವೆ.

ಇನ್ನು ನಾಲ್ಕನೇ ಪುಟದ ಈ ಸಾಲು: “ಲುಕ್‌ಅಹೆಡ್ ಆಡರ್ ಮುಂದಿನ ಕ್ಯಾರಿಯನ್ನು ಊಹಿಸುತ್ತದೆ. ಆದ್ದರಿಂದ 64 ಬಿಟ್ ಇದ್ದರೂ ಎಲ್ಲ ಕ್ಯಾರಿಗಳೂ 3 ಗೇಟ್ ಸಮಯದಲ್ಲೇ ಸಿಗುತ್ತವೆ.”

ಊಹಿಸುವುದು ಜ್ಯೋತಿಷಿಯ ಕೆಲಸ. ಈ ಸರ್ಕ್ಯೂಟು ಲೆಕ್ಕವನ್ನೇ ಮಾಡುತ್ತದೆ, ಬಿಡಿಸಿ ಮಾಡುತ್ತದೆ. ಇಲ್ಲಿ + ಅಂದರೆ OR, · ಅಂದರೆ AND, c0 ಒಳಬರುವ ಕ್ಯಾರಿ:

```
c1 = G0 + P0·c0
c2 = G1 + P1·G0 + P1·P0·c0
```

ಎರಡನೇ ಸಾಲಿನಲ್ಲಿ c1 ಇಲ್ಲ ನೋಡಿ. ಅದರ ಜಾಗದಲ್ಲಿ ಅದರ ಬೆಲೆಯನ್ನೇ ಬರೆದಿದ್ದೇವೆ. ಹಾಗಾಗಿ c2 ಯಾರನ್ನೂ ಕಾಯುವುದಿಲ್ಲ. ಒಂದು ಸಾಲು AND, ಒಂದು OR, 3ನೇ ಮಾತ್ರೆಗೆ ಮುಗಿಯಿತು. ನಾಲ್ಕು ಬಿಟ್‌ಗೆ ನಿಮ್ಮ ಮಾತು ಸರಿ.

64ಕ್ಕೆ ಸರಿಯಲ್ಲ. c4 ಬರೆದರೆ ಐದು ಪದ, ಉದ್ದದ ಪದಕ್ಕೆ ಐದು ಇನ್‌ಪುಟ್. c64 ಬರೆದರೆ 65 ಪದ, ಒಂದು ANDಗೇ 65 ಇನ್‌ಪುಟ್! ಅಂಥ ಗೇಟನ್ನು ಯಾರೂ ಮಾಡುವುದಿಲ್ಲ. ಈಗಿನ ಚಿಪ್‌ಗಳ ಸಿಮಾಸ್ ಗೇಟುಗಳಲ್ಲಿ ಇನ್‌ಪುಟ್ ಜಾಸ್ತಿಯಾದಷ್ಟೂ ಟ್ರಾನ್ಸಿಸ್ಟರ್‌ಗಳು ಒಂದರ ಹಿಂದೆ ಒಂದು ಸಾಲುಗಟ್ಟುತ್ತವೆ, ಗೇಟೇ ನಿಧಾನವಾಗುತ್ತದೆ. ಸಾಮಾನ್ಯವಾಗಿ ನಾಲ್ಕರ ಹತ್ತಿರವೇ ನಿಲ್ಲಿಸುತ್ತಾರೆ.

ಅದಕ್ಕೇ ಗುಂಪು ಮಾಡುವುದು. 16 ಬಿಟ್‌ಗೆ ನಾಲ್ಕರ ನಾಲ್ಕು ಗುಂಪು. ಇಡೀ ಗುಂಪಿನ G ಮತ್ತು P 3ಕ್ಕೆ ಸಿದ್ಧ. ಮೇಲಿನ ಹಂತ ಪ್ರತಿ ಗುಂಪಿಗೆ ಬೇಕಾದ ಕ್ಯಾರಿಯನ್ನು 5ಕ್ಕೆ ಕೊಡುತ್ತದೆ. ಗುಂಪಿನೊಳಗಿನ ಕ್ಯಾರಿಗಳು 7ಕ್ಕೆ, ಕೊನೆಯ ಮೊತ್ತ 8ಕ್ಕೆ. ರಿಪಲ್ ಆದರೆ 32. ಇನ್ನೊಂದು ಹಂತ ಸೇರಿಸಿದರೆ 64 ಬಿಟ್‌ಗೆ 12, ರಿಪಲ್‌ಗೆ 128. ಅಂದರೆ ಬಿಟ್ ನಾಲ್ಕು ಪಟ್ಟಾದಾಗ ಇಲ್ಲಿ 4 ಮಾತ್ರೆ ಸೇರುತ್ತದೆ, ರಿಪಲ್‌ನಲ್ಲಿ ಸಮಯವೇ ನಾಲ್ಕು ಪಟ್ಟಾಗುತ್ತದೆ. ನಿಮ್ಮ ಲೇಖನದಲ್ಲಿ ಇರಬೇಕಿದ್ದ ವಿಷಯ ಇದು. ನಾಲ್ಕು ಬಿಟ್ ಲೆಕ್ಕ ಮಾಡುವ ಹಳೆಯ 74181 ಚಿಪ್ ನಾಲ್ಕನ್ನು ಒಂದು 74182 ಲುಕ್‌ಅಹೆಡ್ ಚಿಪ್ ಜೊತೆ ಜೋಡಿಸಿ 16 ಬಿಟ್ ಮಾಡುತ್ತಿದ್ದುದೂ ಇದೇ ಉಪಾಯದಿಂದ.

“ರಿಪಲ್ ಆಡರ್ ಈಗ ಯಾರೂ ಬಳಸುವುದಿಲ್ಲ” ಎಂಬ ಕೊನೆಯ ಸಾಲನ್ನು ಸುಮ್ನೆ ತೆಗೆದುಬಿಡಿ. ನಮಗೆ ಬೇಕಾದ ಸರ್ಕ್ಯೂಟನ್ನು ತುಂಬಿಸಿಕೊಳ್ಳಬಹುದಾದ ಎಫ್‌ಪಿಜಿಎ ಚಿಪ್‌ಗಳಲ್ಲಿ ಕ್ಯಾರಿ ಬಿಟ್‌ನಿಂದ ಬಿಟ್‌ಗೆ ಓಡುವುದಕ್ಕೆಂದೇ ಪ್ರತ್ಯೇಕ ವೇಗದ ದಾರಿ ಇರುತ್ತದೆ. ಅಲ್ಲಿ ನೀವು ಕೈಯಾರೆ ಕಟ್ಟಿದ ಲುಕ್‌ಅಹೆಡ್ ಎಷ್ಟೋ ಸಲ ಸೋಲುತ್ತದೆ.

ಸಿಮ್ಯುಲೇಟರ್‌ನಲ್ಲಿ ಗೇಟಿಗೆ 1 ತಡ ಹಾಕಿದ್ದೀರಾ, ಮೊದಲು ನೋಡಿಕೊಳ್ಳಿ. ಸೊನ್ನೆ ಇದ್ದರೆ ಎರಡೂ ಆಡರ್ ಒಂದೇ ಥರ ಕಾಣುತ್ತವೆ. ಆಮೇಲೆ 1111, 0000 ಇಟ್ಟು ಒಳಬರುವ ಕ್ಯಾರಿಯನ್ನು ಮಾತ್ರ ಬದಲಿಸಿ, ಬಂದ ಅಲೆಯ ಚಿತ್ರದ ಜೊತೆ ಲೇಖನ ಮತ್ತೆ ಕಳಿಸಿ.