ಒಂದು ದೋಸೆ ರೂಮಿಗೆ ಬರುವಷ್ಟರಲ್ಲಿ

ಪ್ರಶ್ನೆ: ಹೋಟೆಲ್ ರೂಮಿಂದ ಫೋನ್ ಮಾಡಿ ಬರೀ ಒಂದು ಮಸಾಲೆ ದೋಸೆ, ಕಾಫಿ ಹೇಳಿದರೂ ಅರ್ಧ ಗಂಟೆ ಅಂತಾರೆ. ಅಷ್ಟು ಹೊತ್ತು ಒಳಗೆ ಏನು ನಡೆಯುತ್ತೆ?

ಬೆಂಗಳೂರಿನ ಒಂದು ಹೋಟೆಲಿನಲ್ಲಿ ರೂಮ್ ಸರ್ವಿಸ್ ನೋಡಿಕೊಳ್ಳುತ್ತಿದ್ದೆ. ನಿಮ್ಮ ಆರ್ಡರನ್ನೇ ಹಿಡಿದು ಹೇಳುತ್ತೇನೆ. ಬೆಳಿಗ್ಗೆ 7.30ಕ್ಕೆ ಫೋನ್ ಬಂತು ಅಂದುಕೊಳ್ಳಿ.

ಮೂರು ರಿಂಗ್ ಆಗುವುದರೊಳಗೆ ಎತ್ತಬೇಕು. ರೂಮ್ ನಂಬರ್ ಫೋನಿನಲ್ಲೇ ಕಾಣುತ್ತದೆ. ಆರ್ಡರ್ ಬರೆದುಕೊಳ್ಳುವವರು, ತಿನ್ನುವವರು ಎಷ್ಟು ಜನ, ಕಾಫಿ ದೋಸೆ ಜೊತೆಗೋ ಆಮೇಲೋ, ಸಕ್ಕರೆ ಬೇರೆ ಬೇಕಾ ಅಂತ ಕೇಳಿ, ಪೂರ್ತಿ ಆರ್ಡರನ್ನು ಒಮ್ಮೆ ಓದಿ ಹೇಳುತ್ತಾರೆ. ಕೊನೆಗೆ ಎಷ್ಟು ಹೊತ್ತಾಗುತ್ತದೆ ಅಂತ ತಿಳಿಸುತ್ತಾರೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕೆಓಟಿ, ಅಂದರೆ ಆರ್ಡರ್ ಬರೆದ ಚೀಟಿ, ಬಂದಿರುತ್ತದೆ. ಅದರಲ್ಲಿ ಸಮಯವೂ ಇರುವುದರಿಂದ ತಡವಾದರೆ ಎಲ್ಲಿ ಆಯಿತು ಅಂತ ಮುಚ್ಚಿಡಲಾಗುವುದಿಲ್ಲ.

ದೋಸೆ ಮಾತ್ರ ಆಗಲೇ ಹುಯ್ಯುವುದಿಲ್ಲ. ಮೊದಲು ಟ್ರೇ. ಜಾರದಂಥ ಮ್ಯಾಟ್ ಹಾಸಿ, ನ್ಯಾಪ್ಕಿನ್, ಸ್ಪೂನ್, ಫೋರ್ಕ್, ಸಕ್ಕರೆ, ನೀರು, ಕಪ್, ಸಾಸರ್ ಜೋಡಿಸುತ್ತಾರೆ. ಭಾರದ ಕಾಫಿ ಫ್ಲಾಸ್ಕ್ ಹೊರುವವನ ಮೈ ಕಡೆಗೆ, ಹಗುರವಾದದ್ದು ಅಂಚಿಗೆ. ಇಲ್ಲದಿದ್ದರೆ ಲಿಫ್ಟಿನ ಬಾಗಿಲಲ್ಲಿ ತಿರುಗುವಾಗ ಟ್ರೇ ವಾಲುತ್ತದೆ. ಫ್ಲಾಸ್ಕಿನ ಮೂತಿ ಒಳಮುಖವಾಗಿರಬೇಕು, ಚೆಲ್ಲಿದರೂ ಯಾರ ಕೈ ಮೇಲೂ ಬೀಳಬಾರದು. ಸಾಂಬಾರ್ ಬಟ್ಟಲು ಮುಕ್ಕಾಲಷ್ಟೇ ತುಂಬಿಸಿ ಮುಚ್ಚುತ್ತಾರೆ. ಚಟ್ನಿ ಬಿಸಿ ಫ್ಲಾಸ್ಕಿನಿಂದ ದೂರ.

7.42ರ ಹೊತ್ತಿಗೆ ಟ್ರೇ ರೆಡಿ. ಆಗ "ದೋಸೆ ಬಿಡಿ" ಅಂತ ಕೂಗು. ಎಲ್ಲ ಗುಟ್ಟು ಇರುವುದು ಈ ಹೊಂದಾಣಿಕೆಯಲ್ಲೇ. ತಟ್ಟೆ ಮೇಲೆ ಸ್ಟೀಲಿನ ಮುಚ್ಚಳ ಬೀಳುತ್ತಿದ್ದಂತೆ ಹಬೆ ಒಳಗೇ ನೀರಾಗಿ ದೋಸೆ ಮೇಲೆ ಇಳಿಯುತ್ತದೆ. ಹತ್ತು ನಿಮಿಷ ಕಳೆದರೆ ಗರಿ ಹೋಗಿ ಮೆತ್ತಗಾಗುತ್ತದೆ. ಮುಚ್ಚಳದಲ್ಲಿ ತೂತಿದ್ದರೆ ಸ್ವಲ್ಪ ವಾಸಿ. ಕಾಫಿ ತುಂಬಿಸುವುದೂ ಕೊನೆಗೇ.

7.50ಕ್ಕೆ ಚೀಟಿ ಹಿಡಿದು ಒಂದೊಂದನ್ನೂ ತಾಳೆ ನೋಡಿ, ಬಿಲ್ ಮತ್ತು ಪೆನ್ ಇಟ್ಟು ಹೊರಡುತ್ತಾರೆ. ಬೆಳಗಿನ ಹೊತ್ತಿನಲ್ಲಿ ನಿಜವಾಗಿ ಕೈಕೊಡುವುದು ಸರ್ವಿಸ್ ಲಿಫ್ಟ್. ಹೌಸ್‌ಕೀಪಿಂಗ್ ಗಾಡಿಗಳೂ ಅದರಲ್ಲೇ, ನಾವೂ ಅದರಲ್ಲೇ. ಅಲ್ಲಿ ಐದು ನಿಮಿಷ ಸುಮ್ನೆ ನಿಂತರೆ ದೋಸೆ ಕಥೆ ಮುಗಿಯಿತು. ಅಂಥ ಹೊತ್ತಲ್ಲಿ ಇನ್ನೊಂದು ಹುಯ್ದು ಒಯ್ಯುವುದೇ ಸರಿ, ಆದರೆ ಎಲ್ಲರೂ ಹಾಗೆ ಮಾಡುವುದಿಲ್ಲ.

7.57ಕ್ಕೆ ಬಾಗಿಲು ತಟ್ಟಿ "ರೂಮ್ ಸರ್ವಿಸ್" ಅಂತ ಹೇಳಿ ಕಾಯುತ್ತಾರೆ. ಟ್ರೇ ಎಲ್ಲಿಡಲಿ ಅಂತ ಕೇಳಿ, ಮುಚ್ಚಳ ತೆಗೆದು, ಸಹಿ ಹಾಕಿಸಿಕೊಂಡು ಹೊರಡುವುದು.

ದೋಸೆ ಅಡಿಭಾಗ ಒದ್ದೆಯಾಗಿ ತಟ್ಟೆಗೆ ಅಂಟಿದ್ದರೆ ಅದು ದಾರಿಯಲ್ಲಿ ಜಾಸ್ತಿ ಹೊತ್ತು ನಿಂತಿತ್ತು ಅಂತಲೇ ಲೆಕ್ಕ, ಬದಲಿಸಿ ಅಂತ ಕೇಳಿ. ಗರಿಗರಿಯೇ ಬೇಕೆಂದರೆ ಕೆಳಗೆ ರೆಸ್ಟೋರೆಂಟಿಗೆ ಹೋಗಿ. ರೂಮಿಗೆ ಇಡ್ಲಿ ಹೇಳಿ, ಮುಚ್ಚಳದ ಹಬೆ ಅದಕ್ಕೆ ಏನೂ ಮಾಡುವುದಿಲ್ಲ.