ಐದು ತಿಂಗಳಾದರೂ 'ತಪ್ಪಿ ಸೆಲೆಕ್ಟ್ ಆದೆ' ಅನ್ನಿಸುವುದೇಕೆ?

ಪ್ರಶ್ನೆ: ನಮ್ಮ ಮನೇಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಐದು ತಿಂಗಳಾಯ್ತು. ದಿನಾ ನಡೆಯೋ ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ ಮಾತೇ ಬರಲ್ಲ. ಮೊನ್ನೆ ನನ್ನ ಕೋಡ್‌ಗೆ 20 ಕಾಮೆಂಟ್ ಬಂತು. ಯಾರೋ ತಪ್ಪಿ ನನ್ನನ್ನ ಸೆಲೆಕ್ಟ್ ಮಾಡಿದಾರೆ, ಒಂದಿನ ಗೊತ್ತಾಗಿಬಿಡುತ್ತೆ ಅನ್ನಿಸ್ತಿರುತ್ತೆ. ಏನು ಮಾಡ್ಲಿ?

ಉತ್ತರ:

ಮೊದಲು ಎರಡು ವಾರ ಒಂದು ಲೆಕ್ಕ ಇಡಿ. 'ನಾನು ಇಲ್ಲಿಗೆ ಸಲ್ಲದವಳು' ಅನ್ನಿಸಿದಾಗಲೆಲ್ಲ, ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು ಅಂತ ಒಂದೇ ಸಾಲಿನಲ್ಲಿ ಬರೆದುಕೊಳ್ಳಿ. ಕೊನೆಗೆ ಪ್ರತಿ ಸಾಲಿನ ಮುಂದೆ 'ಕೆಲಸ' ಅಥವಾ 'ರೂಢಿ' ಅಂತ ಗುರುತು ಹಾಕಿ. ಕ್ವೆರಿ ಬರೆಯಲು ಬರಲಿಲ್ಲ ಅನ್ನುವುದು ಕೆಲಸ. ಮ್ಯಾನೇಜರನ್ನು 'ಸರ್' ಅಂದಾಗ ಪಕ್ಕದವರು ನಕ್ಕರು, ಮೀಟಿಂಗ್‌ನಲ್ಲಿ ಯಾವಾಗ ಬಾಯಿ ಹಾಕಬೇಕೋ ತಿಳಿಯಲಿಲ್ಲ ಅನ್ನುವುದು ರೂಢಿ. ಮನೆಯ ಮೊದಲ ತಲೆಮಾರಿನ ಉದ್ಯೋಗಿಗಳ ಪಟ್ಟಿಯಲ್ಲಿ ರೂಢಿಯ ಸಾಲುಗಳೇ ಹೆಚ್ಚಿರಬಹುದು. ಅಪ್ಪನೋ ಚಿಕ್ಕಮ್ಮನೋ ಇಂಥ ಆಫೀಸಿನಲ್ಲಿದ್ದವರಿಗೆ ಇವೆಲ್ಲ ಊಟದ ಹೊತ್ತಿನ ಮಾತಿನಲ್ಲೇ ಕಿವಿಗೆ ಬಿದ್ದಿರುತ್ತವೆ. ನಿಮಗೆ ಯಾರೂ ಹೇಳಿಲ್ಲ, ಅಷ್ಟೇ.

ಈ ಭಾವನೆಗೆ 'ಇಂಪೋಸ್ಟರ್ ಫಿನಾಮಿನನ್' ಅಂತ ಹೆಸರು ಕೊಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪಾಲಿನ್ ಕ್ಲ್ಯಾನ್ಸ್ ಮತ್ತು ಸುಜಾನ್ ಐಮ್ಸ್, 1978ರಲ್ಲಿ. ಅವರು ನೋಡಿದ್ದು ಸಾಧನೆ ಕಣ್ಣೆದುರಿಗಿದ್ದರೂ ಅದನ್ನು ನಂಬಲಾಗದ ಹೆಂಗಸರನ್ನು. ನಿಮ್ಮ ಸ್ಥಿತಿ ಪೂರ್ತಿ ಅದಲ್ಲ. ನಿಮಗೆ ಅನ್ನಿಸುತ್ತಿರುವುದರಲ್ಲಿ ಒಂದು ಪಾಲು ನಿಜ: ಇಲ್ಲಿನ ನಿಯಮಗಳು ನಿಮಗಿನ್ನೂ ಗೊತ್ತಿಲ್ಲ. ಹಾಗಾಗಿ 'ನಿನ್ನ ಮೇಲೆ ನಂಬಿಕೆ ಇಡು' ಅನ್ನುವ ಬುದ್ಧಿಮಾತು ನಾಟುವುದಿಲ್ಲ. 2012ರಲ್ಲಿ ನಿಕೋಲ್ ಸ್ಟೀಫನ್ಸ್ ಮತ್ತು ಸಂಗಡಿಗರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಬಗೆಯ ಸ್ವಾಗತ ಪತ್ರ ಓದಿಸಿದರು. ಒಂದರಲ್ಲಿ 'ನಿನ್ನ ದಾರಿ ನೀನೇ ಹುಡುಕಿಕೋ' ಅನ್ನುವ ಧಾಟಿ, ಇನ್ನೊಂದರಲ್ಲಿ 'ಎಲ್ಲರೊಡನೆ ಸೇರಿ ಕಲಿ' ಅನ್ನುವ ಧಾಟಿ. ಮೊದಲನೆಯದನ್ನು ಓದಿದ ಮೊದಲ ತಲೆಮಾರಿನವರು ಆಮೇಲೆ ಕೊಟ್ಟ ಪರೀಕ್ಷೆಯಲ್ಲಿ ಉಳಿದವರಿಗಿಂತ ಹಿಂದೆ ಬಿದ್ದರು. ಎರಡನೆಯದನ್ನು ಓದಿದವರಲ್ಲಿ ಆ ಅಂತರ ಕಾಣಲಿಲ್ಲ. ಬದಲಾಗಿದ್ದು ಪತ್ರ ಮಾತ್ರ.

ಈಗ ಆ 20 ಕಾಮೆಂಟಿಗೆ ಬರೋಣ. ಶಾಲೆಯಲ್ಲಿ ಕೆಂಪು ಶಾಯಿ ಬಿದ್ದರೆ ಅಂಕ ಹೋಯಿತು ಅಂತ ಅರ್ಥ. ಕೋಡ್ ರಿವ್ಯೂನಲ್ಲಿ ಹಾಗಲ್ಲ, ಅದು ದಿನನಿತ್ಯದ ಮಾತುಕತೆ. ಕಾಮೆಂಟುಗಳನ್ನು ಬಗೆ ಬಗೆಯಾಗಿ ಬೇರ್ಪಡಿಸಿ ನೋಡಿ. ಉದಾಹರಣೆಗೆ 20ರಲ್ಲಿ 9 ಬರೀ ಹೆಸರು, ಜಾಗ ಬಿಡುವಿಕೆಯಂಥವು, 5 ಪ್ರಶ್ನೆಗಳು, 4 ಒಂದೇ ತಪ್ಪು ನಾಲ್ಕು ಕಡೆ ಬಂದಿದ್ದು, 2 ವಿನ್ಯಾಸದ ಬಗ್ಗೆ ಅಂದುಕೊಳ್ಳಿ. ಆಗ ನಿಜವಾಗಿ ಕಲಿಯಬೇಕಾದ್ದು ಮೂರೇ ವಿಷಯ. ಆ ಒಂಬತ್ತರಲ್ಲಿ ಹೆಚ್ಚಿನವನ್ನು ಕೋಡ್ ಕಳಿಸುವ ಮುಂಚೆ, ಇಂಥ ತಪ್ಪುಗಳನ್ನು ತಾನೇ ಹುಡುಕುವ ಲಿಂಟರ್ ಓಡಿಸಿಯೇ ತಡೆಯಬಹುದು. 'ಇದನ್ನು ಯಾಕೆ ಹೀಗೆ ಮಾಡಿದ್ದೀರಿ?' ಅನ್ನುವುದನ್ನು ನಮ್ಮ ಕಿವಿ ಗದರಿಕೆ ಅಂತ ಕೇಳಿಸಿಕೊಳ್ಳುತ್ತದೆ. ಇಲ್ಲಿ ಅದು ಬಹುಪಾಲು ಬರೀ ಪ್ರಶ್ನೆ. ಗಾಬರಿಯಲ್ಲಿ ಕೋಡನ್ನೇ ಬದಲಿಸಿಬಿಡಬೇಡಿ, ಕಾರಣ ಬರೆಯಿರಿ. ನಿಮ್ಮ ತಂಡದ ಹಿರಿಯರೊಬ್ಬರ ಕಳೆದ ಐದು ಪುಲ್ ರಿಕ್ವೆಸ್ಟ್ ತೆರೆದು ಅವರಿಗೆ ಎಷ್ಟು ಕಾಮೆಂಟ್ ಬಂದಿವೆ ಎಣಿಸಿ. ಎಲ್ಲರಿಗೂ ಕಾಣುವ ಹಾಗೆ ಬಿದ್ದಿರುವ ಈ ಲೆಕ್ಕವನ್ನು ಹೊಸಬರು ನೋಡುವುದೇ ಇಲ್ಲ. ಒಂದು ಎಚ್ಚರ: ಅದೇ ಕಾಮೆಂಟ್ ಮೂರನೇ ಸಲವೂ ಬಂದರೆ ಅದು ರೂಢಿಯ ಸಮಸ್ಯೆ ಅಲ್ಲ. ಆ ವಿಷಯವನ್ನು ಕೂತು ಕಲಿಯಲೇಬೇಕು.

ಇದಕ್ಕಿಂತ ದುಬಾರಿ ತಪ್ಪು ಸುಮ್ಮನಿರುವುದು. ಮೇಷ್ಟ್ರನ್ನು ಎರಡನೇ ಸಲ ಕೇಳಿದರೆ 'ಪಾಠ ಕೇಳಿಸಿಕೊಂಡಿಲ್ವಾ?' ಅನ್ನಿಸಿಕೊಂಡು ಬೆಳೆದವರು ಆಫೀಸಿನಲ್ಲೂ ಕೇಳುವುದಿಲ್ಲ. ಎರಡು ದಿನ ಒಬ್ಬರೇ ಗುದ್ದಾಡುತ್ತಾರೆ, ಸ್ಟ್ಯಾಂಡಪ್‌ನಲ್ಲಿ 'ನಡೀತಿದೆ' ಅನ್ನುತ್ತಾರೆ, ನಾಲ್ಕನೇ ದಿನ ಕೆಲಸ ಆಗಿಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಯಾವುದು ಬಯಲಾದೀತು ಅಂತ ಹೆದರಿದ್ದರೋ ಅದನ್ನು ಹೀಗೆ ತಾವೇ ತಂದುಕೊಳ್ಳುತ್ತಾರೆ. 45 ನಿಮಿಷ ಒಂದೇ ಕಡೆ ಸಿಕ್ಕಿಕೊಂಡರೆ ಕೇಳಿಬಿಡಿ. ಆದರೆ 'ಆಗ್ತಿಲ್ಲ, ಹೆಲ್ಪ್ ಮಾಡಿ' ಅಂತಲ್ಲ. ಏನು ಮಾಡಲು ಹೊರಟಿದ್ದೆ, ಏನೇನು ಪ್ರಯತ್ನಿಸಿದೆ, ಏನು ಕಂಡಿತು, ನನ್ನ ಊಹೆ ಏನು ಅಂತ ನಾಲ್ಕು ಸಾಲು:

'ಆರ್ಡರ್ ಸರ್ವಿಸ್‌ನ ಟೆಸ್ಟ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿಸುತ್ತಿದ್ದೇನೆ. ಕ್ಯಾಶ್ ಅಳಿಸಿದೆ, ಹೊಸ ಬ್ರಾಂಚ್‌ನಲ್ಲೂ ನೋಡಿದೆ. ಡೇಟಾಬೇಸ್‌ಗೆ ಕನೆಕ್ಟ್ ಆಗುವಾಗ ಟೈಮ್‌ಔಟ್ ಬರುತ್ತಿದೆ. ನನಗೆ ಪರ್ಮಿಷನ್ ಇಲ್ಲವೇನೋ ಅನ್ನಿಸುತ್ತದೆ, ಯಾರನ್ನು ಕೇಳಬೇಕು?'

ಇದನ್ನು ಇಂಗ್ಲಿಷ್‌ನಲ್ಲಿ ಮೊದಲೇ ಬರೆದಿಟ್ಟುಕೊಂಡು ತಂಡದ ಚಾನಲ್‌ನಲ್ಲೇ ಹಾಕಿ. ಪರಿಚಯದ ಒಬ್ಬರಿಗೇ ಗುಟ್ಟಾಗಿ ಮೆಸೇಜ್ ಮಾಡುತ್ತಾ ಹೋದರೆ ಅವರಿಗೂ ಬೇಸರ, ನೀವು ಪಟ್ಟ ಪ್ರಯತ್ನವೂ ಬೇರೆಯವರಿಗೆ ಕಾಣುವುದಿಲ್ಲ. ಸ್ಟ್ಯಾಂಡಪ್‌ಗೂ ಇದೇ ಉಪಾಯ: ಐದು ನಿಮಿಷ ಮುಂಚೆ ಮೂರು ವಾಕ್ಯ ಬರೆದುಕೊಳ್ಳಿ, ನೋಡಿಕೊಂಡೇ ಓದಿ. ಎಲ್ಲಿ ಸಿಕ್ಕಿಕೊಂಡಿದ್ದೀರಿ ಅನ್ನುವ ಮೂರನೇ ವಾಕ್ಯವನ್ನು ಮಾತ್ರ ಬಿಡಬೇಡಿ. (ದೊಡ್ಡವರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಏಳದಿದ್ದರೆ ಮೆಸೇಜ್‌ನಲ್ಲಿ ಹೆಸರು ಬರೆದು ಅಭ್ಯಾಸ ಮಾಡಿ. ಎದುರಿಗೆ ಸಿಕ್ಕಾಗ ಹೆಸರಿಲ್ಲದೆಯೇ ಮಾತು ಶುರು ಮಾಡಿದರೂ ನಡೆಯುತ್ತದೆ.)

ಇನ್ನೊಂದು ಗುಂಡಿ ಅಪ್ರೈಸಲ್ ಫಾರ್ಮ್. ತನ್ನನ್ನು ತಾನೇ ಬಣ್ಣಿಸಿಕೊಳ್ಳಬಾರದು ಅಂತ ಬೆಳೆದವರು ಅದರಲ್ಲಿ ಎಲ್ಲ ಕಡೆ 'ನಾವು ಮಾಡಿದೆವು' ಅಂತ ಬರೆಯುತ್ತಾರೆ. ಓದುವವರಿಗೆ ನಿಮ್ಮ ಪಾಲು ಯಾವುದೆಂದೇ ತಿಳಿಯುವುದಿಲ್ಲ. ಬಣ್ಣಿಸುವುದು ಬೇಡ, ಲೆಕ್ಕ ಒಪ್ಪಿಸಿ. ಪ್ರತಿ ಶುಕ್ರವಾರ ಹತ್ತು ನಿಮಿಷ ಕೂತು 'ಲಾಗಿನ್ ಪುಟದ ದೋಷ ಸರಿಪಡಿಸಿದೆ, ದಿನಕ್ಕೆ 15 ಬರುತ್ತಿದ್ದ ದೂರು 2ಕ್ಕೆ ಇಳಿಯಿತು' ಅನ್ನುವಂಥ ಒಂದೆರಡು ಸಾಲು, ಜೊತೆಗೆ ಟಿಕೆಟ್ ಸಂಖ್ಯೆ. ಮನಸ್ಸು 'ಏನೂ ಮಾಡಿಲ್ಲ' ಅಂದ ದಿನ ತೆರೆದು ನೋಡಲೂ ಇದೇ ಕಡತ ಸಾಕು.

ಎಲ್ಲವನ್ನೂ ನಿಮ್ಮ ಭಾವನೆಯ ಖಾತೆಗೆ ಹಾಕಿಕೊಳ್ಳಬೇಡಿ. ನಿಮ್ಮ ಉಚ್ಚಾರಣೆಯನ್ನು ಅಣಕಿಸುವುದು, ಜಾತಿ ಕೆದಕುವುದು, 'ಯಾವ ಕೋಟಾದಲ್ಲಿ ಬಂದೆ?' ಅನ್ನುವುದು ಅವಮಾನ. ಅದಕ್ಕೆ ಮದ್ದು ಆತ್ಮವಿಶ್ವಾಸ ಅಲ್ಲ. ದಿನಾಂಕ, ಆಡಿದ ಮಾತು, ಯಾರಿದ್ದರು ಅಂತ ಬರೆದಿಟ್ಟುಕೊಂಡು ಎಚ್‌ಆರ್‌ಗೆ ಲಿಖಿತವಾಗಿ ಕೊಡಿ. ಇನ್ನು ನಿದ್ದೆ ಬಾರದೆ, ಊಟ ಸೇರದೆ ವಾರಗಟ್ಟಲೆ ಆದರೆ ಈ ಉಪಾಯಗಳು ಸಾಲವು. 14416 ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಐದನೇ ತಿಂಗಳು ಅಂದಿರಿ. ಪ್ರೊಬೇಷನ್ ಆರು ತಿಂಗಳಿದ್ದರೆ ಈ ವಾರವೇ ಮ್ಯಾನೇಜರ್ ಹತ್ತಿರ ಅರ್ಧ ಗಂಟೆ ಕೇಳಿ. 'ನಾನು ಹೇಗೆ ಮಾಡ್ತಿದೀನಿ?' ಅಂದರೆ 'ಚೆನ್ನಾಗಿದೆ' ಅನ್ನುವ ಉತ್ತರ ಬರುತ್ತದೆ, ಅದರಿಂದ ಉಪಯೋಗವಿಲ್ಲ. 'ಮುಂದಿನ ತಿಂಗಳು ನಾನು ಬೇರೆ ಥರ ಮಾಡಬೇಕಾದ ಒಂದು ವಿಷಯ ಯಾವುದು?' ಅಂತ ಕೇಳಿ. ಬಂದ ಉತ್ತರವನ್ನು ಅಂದೇ ಸಂಜೆ ಮೂರು ಸಾಲಿನ ಮೇಲ್ ಮಾಡಿ ಅವರಿಗೇ ಕಳಿಸಿ, ನಾನು ಅರ್ಥ ಮಾಡಿಕೊಂಡಿದ್ದು ಸರಿಯೇ ಅಂತ.